ಹನ್ನೊಂದನೇ ಪುಟದ ಷರತ್ತಿಗೆ ಬೆಲೆ ಎಷ್ಟು?

ಎರಡು ವರ್ಷದಿಂದ ಕೆಲಸ ಕೊಡುತ್ತಿದ್ದ ಸ್ಟಾಕ್‌ಹೋಮ್‌ನ ಒಂದು ದೊಡ್ಡ ಗ್ರಾಹಕ ಸಂಸ್ಥೆ ಕಳೆದ ವರ್ಷ ಒಪ್ಪಂದ ನವೀಕರಿಸುವಾಗ ಹನ್ನೊಂದನೇ ಪುಟದಲ್ಲಿ ಹೊಸ ಷರತ್ತೊಂದನ್ನು ಸೇರಿಸಿತ್ತು. ಒಪ್ಪಂದ ಇರುವಷ್ಟು ದಿನ, ಮುಗಿದ ಮೇಲೂ 12 ತಿಂಗಳು, ಉಕ್ಕು, ಗಣಿಗಾರಿಕೆ ಅಥವಾ ಲೋಹ ಸಂಸ್ಕರಣೆಯ ಯಾವ ಕಂಪನಿಗೂ ನಾನು ನೇರವಾಗಲಿ ಪರೋಕ್ಷವಾಗಲಿ ಕೆಲಸ ಮಾಡುವಂತಿಲ್ಲ. ಮುರಿದರೆ ಪ್ರತಿ ಬಾರಿಗೆ 5 ಲಕ್ಷ ಕ್ರೋನಾ ದಂಡ.

ಬೆಂಗಳೂರಿನಲ್ಲಿ ವಕೀಲನಾಗಿರುವ ಗೆಳೆಯನಿಗೆ ಫೋನ್ ಮಾಡಿದೆ. "ಸೆಕ್ಷನ್ 27 ಇದೆಯಲ್ಲೋ, ಸಹಿ ಹಾಕಿ ಮರೆತುಬಿಡು" ಅಂದ. ವಿದೇಶದಲ್ಲಿರುವ ನಮ್ಮಲ್ಲಿ ಬಹಳ ಜನ ಇದೇ ಧೈರ್ಯದ ಮೇಲೆ ಸಹಿ ಹಾಕುತ್ತೇವೆ. ಆ ಧೈರ್ಯ ಇಲ್ಲಿ ನಡೆಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಭಾರತದ 1872ರ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬನ ವೃತ್ತಿಯನ್ನು ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ. ಆದರೆ ಅಲ್ಲೂ ಅದು ಮುಖ್ಯವಾಗಿ ಒಪ್ಪಂದ ಮುಗಿದ ನಂತರದ ಮಾತು. ಒಪ್ಪಂದ ಜಾರಿಯಲ್ಲಿರುವಾಗಿನ ನಿರ್ಬಂಧ ಸಾಮಾನ್ಯವಾಗಿ ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 1967ರ ಗೋಳಿಕರಿ ಪ್ರಕರಣದಲ್ಲೇ ಹೇಳಿದೆ. ಸ್ವೀಡನ್ನಿನ 1915ರ ಒಪ್ಪಂದ ಕಾಯ್ದೆಯ 38ನೇ ಸೆಕ್ಷನ್ನಿನ ದಾರಿ ಬೇರೆ. ಇಂಥ ಷರತ್ತು ಅನೂರ್ಜಿತ ಎಂದು ಅದು ಹೇಳುವುದಿಲ್ಲ, ಸಮಂಜಸವಾದದ್ದಕ್ಕಿಂತ ಹೆಚ್ಚು ಕಟ್ಟಿಹಾಕಿದರೆ ಅಷ್ಟರ ಮಟ್ಟಿಗೆ ಬಂಧಿಸದು ಎನ್ನುತ್ತದೆ. ಯಾವುದು ಸಮಂಜಸ ಎಂದು ತಿಳಿಯಲು ಕೊನೆಗೆ ವ್ಯಾಜ್ಯ ಮಾಡಬೇಕು. ದೊಡ್ಡ ಕಂಪನಿಯ ವಕೀಲರಿಗೆ ಅದು ದಿನದ ಕೆಲಸ, ನನಗೆ ಮನೆ ಸಾಲದ ಕಂತಿನ ಪ್ರಶ್ನೆ.

ನಾನು ವಕೀಲನಲ್ಲ, ಲೆಕ್ಕ ಹಾಕುವವನು. ಹಾಗಾಗಿ "ಇದು ಕಾನೂನಿನಲ್ಲಿ ನಿಲ್ಲುತ್ತದೆಯೇ" ಎಂಬ ಪ್ರಶ್ನೆ ಬಿಟ್ಟು, "ಇದರ ಬೆಲೆ ಎಷ್ಟು" ಎಂದು ಕೇಳಿಕೊಂಡೆ.

ನಾನಿರುವುದು ಸ್ಯಾಂಡ್‌ವಿಕೆನ್‌ನಲ್ಲಿ. 1862ರಲ್ಲಿ ಉಕ್ಕಿನ ಕಾರ್ಖಾನೆಯ ಸುತ್ತ ಹುಟ್ಟಿದ ಊರು ಇದು, ಪಕ್ಕದ ಹೋಫೋಶ್ ಕೂಡ ಉಕ್ಕಿನದೇ. ಇಲ್ಲಿ "ಉಕ್ಕು, ಗಣಿ, ಲೋಹ ಬೇಡ" ಎಂದರೆ ಮಲ್ಪೆಯಲ್ಲಿ ಕೂತವನಿಗೆ ಮೀನು ಮುಟ್ಟಬೇಡ ಅಂದ ಹಾಗೆ. ದೊಡ್ಡ ಗ್ರಾಹಕರಿಗೆ ನಾನು ತಿಂಗಳಿಗೆ ಸರಾಸರಿ 100 ಗಂಟೆ, ಗಂಟೆಗೆ 900 ಕ್ರೋನಾದಂತೆ ಕೆಲಸ ಮಾಡುತ್ತಿದ್ದೆ. ತಿಂಗಳಿಗೆ 90,000. ಇದೇ ಕ್ಷೇತ್ರದ ಇನ್ನಿಬ್ಬರು ಸಣ್ಣ ಗ್ರಾಹಕರಿಂದ ಒಟ್ಟು 35,000 ಬರುತ್ತಿತ್ತು.

ಸಹಿ ಹಾಕಿದ ದಿನವೇ ಆ 35,000 ಹೋಗುತ್ತದೆ, ಅಂದರೆ ವರ್ಷಕ್ಕೆ 4,20,000. ಒಪ್ಪಂದ ಮುಗಿದ ನಂತರದ 12 ತಿಂಗಳು ಬೇರೆ ಕ್ಷೇತ್ರದಲ್ಲಿ ಈಗಿನ 1,25,000ದ ಅರ್ಧ ಗಳಿಸುತ್ತೇನೆ ಎಂದುಕೊಂಡರೆ ನಷ್ಟ 7,50,000. ಅವರು 30 ದಿನದ ನೋಟಿಸ್ ಕೊಟ್ಟು ನನ್ನನ್ನು ಬಿಡಬಹುದಾದ್ದರಿಂದ, ಒಂದು ವರ್ಷದಲ್ಲಿ ಹಾಗಾಗುವ ಸಾಧ್ಯತೆ ಶೇ 30 ಎಂದು ಅಂದಾಜಿಸಿದೆ. ಆಗ ಅದರ ಪಾಲು 2,25,000. ಒಟ್ಟು 6,45,000. ವರ್ಷದ 1,200 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 537 ಕ್ರೋನಾ.

ನನ್ನ ದರದ ಅರ್ಧಕ್ಕೂ ಹೆಚ್ಚು ಬೆಲೆಯ ವಸ್ತುವನ್ನು ಅವರು ಪುಕ್ಕಟೆ ಕೇಳಿದ್ದರು. ಅವರು ನನಗೆ ಕೊಡುತ್ತಿದ್ದ ಖಾತ್ರಿ 30 ದಿನ, ನನ್ನಿಂದ ಬಯಸಿದ್ದು ಅದರ ಮೇಲೆ 12 ತಿಂಗಳು. ಷೇರು ಪೇಟೆಯಲ್ಲಿ ಪ್ರೀಮಿಯಂ ಇಲ್ಲದೆ ಆಪ್ಷನ್ ಯಾರೂ ಕೊಡುವುದಿಲ್ಲ.

ಆದರೆ 537 ಹೆಚ್ಚು ಕೊಡಿ ಎಂದು ಕೇಳಿದ್ದರೆ ಮಾತುಕತೆ ಅಲ್ಲೇ ಮುಗಿಯುತ್ತಿತ್ತು. ಹಾಗಾಗಿ ದರದ ಬದಲು ಮೊದಲು ಕಾರಣ ಕೇಳಿದೆ: "ನಿಮಗೆ ಯಾವುದರ ಭಯ?" ಖರೀದಿ ವಿಭಾಗದ ಮ್ಯಾನೇಜರ್ ಪ್ರಾಮಾಣಿಕವಾಗಿ ಹೇಳಿದರು, ತಮ್ಮ ಬೆಲೆ ನಿಗದಿಯ ಮಾದರಿಯನ್ನು ನೋಡಿದವನು ನೇರ ಪ್ರತಿಸ್ಪರ್ಧಿಗಳ ಬಳಿ ಹೋಗಬಾರದು, ಅಷ್ಟೇ. ಆ ಪ್ರತಿಸ್ಪರ್ಧಿಗಳು ಯಾರು ಎಂದು ಕೇಳಿದಾಗ ನಾಲ್ಕು ಹೆಸರು ಬಂದವು. ನನ್ನ ಸಣ್ಣ ಗ್ರಾಹಕರು ಅದರಲ್ಲಿ ಇರಲಿಲ್ಲ.

ಇನ್ನೆರಡು ವಾದ ಇಟ್ಟೆ. ಒಂದು, ಸ್ವೀಡನ್ನಿನ ಉದ್ಯೋಗದಾತರ ಮತ್ತು ನೌಕರರ ಸಂಘಟನೆಗಳ 2015ರ ಒಪ್ಪಂದ. ಅದರಂತೆ ನೌಕರನಿಗೆ ಸ್ಪರ್ಧಾ ನಿರ್ಬಂಧ ಸಾಮಾನ್ಯವಾಗಿ 9 ತಿಂಗಳು, ವಿಶೇಷ ಕಾರಣವಿದ್ದರೆ 18. ಆ ಅವಧಿಯಲ್ಲಿ ಆದಾಯ ಇಳಿದರೆ ಹಿಂದಿನ ಸಂಬಳದ ಶೇ 60ರವರೆಗೆ ಪರಿಹಾರವೂ ಉಂಟು. ಫ್ರೀಲ್ಯಾನ್ಸರ್‌ಗೆ ಅದು ಅನ್ವಯಿಸುವುದಿಲ್ಲ, ಆದರೆ ಅಳತೆಗೋಲಾಗಿ ಕೆಲಸಕ್ಕೆ ಬರುತ್ತದೆ. ಸಂಬಳದವನಿಗೆ ದುಡ್ಡು ಕೊಟ್ಟು ಕೇಳುವುದನ್ನು ನನಗೆ ಪುಕ್ಕಟೆ ಏಕೆ ಕೇಳುತ್ತೀರಿ ಎಂದೆ.

ಇನ್ನೊಂದು ಎಫ್-ಸ್ಕಾಟ್, ಅಂದರೆ ಇಲ್ಲಿ ಸ್ವಂತ ಉದ್ಯಮಿಯಾಗಿ ಬಿಲ್ ಮಾಡಲು ಬೇಕಾದ ತೆರಿಗೆ ಅನುಮೋದನೆ. ಅದನ್ನು ಕೊಡುವಾಗ ತೆರಿಗೆ ಇಲಾಖೆ ನೋಡುವ ಅಂಶಗಳಲ್ಲಿ ಒಬ್ಬನೇ ಗ್ರಾಹಕನ ಮೇಲಿನ ಅವಲಂಬನೆಯೂ ಒಂದು. ಬೇರೆಲ್ಲೂ ಕೆಲಸ ಮಾಡಬೇಡ ಎಂದು ಬರೆದುಕೊಟ್ಟರೆ ನಾನು ಉದ್ಯಮಿಗಿಂತ ನೌಕರನಂತೆ ಕಾಣುತ್ತೇನೆ. ಕಾರ್ಮಿಕ ಕಾನೂನಿನ ಕಣ್ಣಿಗೂ ಹಾಗೆ ಕಾಣುವ ಅಪಾಯವಿದೆ ಎಂದಾಗ ಅವರ ವಕೀಲರು ತಾವಾಗಿಯೇ ಪೆನ್ನು ತೆಗೆದರು.

ಮೂರು ವಾರದ ಓಡಾಟದ ನಂತರ ಉಳಿದದ್ದು ಇಷ್ಟು. ನಿರ್ಬಂಧ ನಾಲ್ಕು ಹೆಸರಿಗೆ ಮಾತ್ರ. ಒಪ್ಪಂದದ ನಂತರ 6 ತಿಂಗಳು, ನನ್ನ ತಪ್ಪಿಲ್ಲದೆ ಅವರೇ ಕೈಬಿಟ್ಟರೆ ಶೂನ್ಯ. ದಂಡ 1 ಲಕ್ಷ. ನೋಟಿಸ್ 3 ತಿಂಗಳು. ಹೊಸ ಲೆಕ್ಕದಲ್ಲಿ ನಾನಾಗಿ ಬಿಟ್ಟರೆ ಮಾತ್ರ ನಷ್ಟ. ತಿಂಗಳಿಗೆ 20,000ದಂತೆ 6 ತಿಂಗಳಿಗೆ 1,20,000 ಎಂದು ಹಿಡಿದು, ಆ ಸಾಧ್ಯತೆಯನ್ನೂ ಜೋರಾಗಿಯೇ ಶೇ 30 ಎಂದಿಟ್ಟರೆ 36,000, ಗಂಟೆಗೆ 30 ಕ್ರೋನಾ. 930 ಕೇಳಿದೆ, ಕೊಟ್ಟರು.

ಒಂದು ಕಡೆ ಹೆಚ್ಚುಕಡಿಮೆ ಎಡವಿದ್ದೆ. ಕರಡಿನಲ್ಲಿ ಹೆಸರುಗಳ ಹಿಂದೆ "ಉದಾಹರಣೆಗೆ" ಎಂಬ ಪದವಿತ್ತು, ಕೊನೆಯಲ್ಲಿ "ಗ್ರಾಹಕರು ಪಟ್ಟಿಯನ್ನು ಪರಿಷ್ಕರಿಸಬಹುದು" ಎಂಬ ಸಾಲು. ಇವೆರಡರಲ್ಲಿ ಒಂದು ಇದ್ದರೂ ಅದು ಪಟ್ಟಿಯಲ್ಲ, ಹಳೆಯ ಷರತ್ತೇ ಅಂಗಿ ಬದಲಿಸಿ ಬಂದದ್ದು. ನಾಳೆ ನನ್ನ ಸಣ್ಣ ಗ್ರಾಹಕರ ಹೆಸರನ್ನು ಸೇರಿಸಿದರೆ ನಾನು ಮತ್ತೆ ಶುರುವಿನಲ್ಲೇ. ಮೊದಲನೆಯ ಪದ ತೆಗೆಸಿದೆ. ಎರಡನೆಯದಕ್ಕೆ, ಹೊಸ ಹೆಸರಿಗೆ ನನ್ನ ಲಿಖಿತ ಒಪ್ಪಿಗೆ ಬೇಕು, ಆಗಲೇ ನನ್ನ ಗ್ರಾಹಕರಾಗಿದ್ದವರನ್ನು ಸೇರಿಸುವಂತಿಲ್ಲ ಎಂದು ಬರೆಸಿದೆ.

ದೊಡ್ಡ ಗ್ರಾಹಕ ಬೇಸರಪಟ್ಟುಕೊಂಡು ಬಿಟ್ಟರೆ ಎಂಬ ಭಯ ನನಗೂ ಇತ್ತು. ಆದಾಯದ ಮುಕ್ಕಾಲು ಪಾಲು ಅಲ್ಲಿಂದಲೇ ಬರುತ್ತಿತ್ತು. ಆದರೆ ಆ ಭಯವೇ ಉಳಿದ ಕಾಲು ಪಾಲನ್ನು ಬಿಟ್ಟುಕೊಡದಿರಲು ಕಾರಣ. ಅವರು ಒಲ್ಲೆ ಎಂದಿದ್ದರೆ ಮರುದಿನ ಬೆಳಿಗ್ಗೆ ನಾನು ಫೋನ್ ಮಾಡಬೇಕಾಗಿದ್ದುದು ಆ ಇಬ್ಬರು ಸಣ್ಣ ಗ್ರಾಹಕರಿಗೇ.