ಬಾವುಟದ ಮೇಲಿನ ನಾಲ್ಕು ಗಂಟೆ ಯಾರದ್ದು?

ಮ್ಯಾರಥಾನಿನಲ್ಲಿ ಪೇಸರ್ ಹೊತ್ತು ಓಡುವ ಬಾವುಟದ ಮೇಲೆ 4:00 ಎಂದು ಬರೆದಿರುತ್ತದೆ. ಅದು ಯಾವ ಗಡಿಯಾರದ ನಾಲ್ಕು ಗಂಟೆ ಎಂದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಓಟದಲ್ಲಿ ಗಡಿಯಾರ ಎರಡಿರುತ್ತವೆ. ಪಿಸ್ತೂಲು ಹಾರಿದ ಕ್ಷಣದಿಂದ ಎಲ್ಲರಿಗೂ ಒಟ್ಟಿಗೆ ಓಡುವುದು ಗನ್ ಟೈಮ್. ನಿಮ್ಮ ಎದೆಯ ಮೇಲಿನ ನಂಬರಿನ ಹಿಂದೆ ಅಂಟಿಸಿದ ಚಿಪ್ಪು ಸ್ಟಾರ್ಟ್ ಗೆರೆಯ ಮ್ಯಾಟ್ ದಾಟಿದಾಗ ಶುರುವಾಗಿ ಕೊನೆಯ ಮ್ಯಾಟ್ ದಾಟಿದಾಗ ಮುಗಿಯುವುದು ಚಿಪ್ ಟೈಮ್. ಭಾಷಾಶಾಸ್ತ್ರ ಓದಿದ ಚಟಕ್ಕೆ ನನಗಿದು ಸರ್ವನಾಮದ ಹಾಗೆ ಕಾಣುತ್ತದೆ. ‘ನಾನು’, ‘ಇಲ್ಲಿ’, ‘ಈಗ’ ಎಂಬ ಮಾತುಗಳ ಅರ್ಥ ಆಡಿದವರನ್ನು ನೋಡಿ ಬದಲಾಗುತ್ತದಲ್ಲ, ಚಿಪ್ ಟೈಮೂ ಹಾಗೆಯೇ.

ಮುಂದಿನ ಸಾಲಿನಲ್ಲಿ ನಿಲ್ಲುವವರಿಗೆ ಈ ಗೊಡವೆಯಿಲ್ಲ. ನಮ್ಮ ನಾಸಿಕ್ ಜಿಲ್ಲೆಯ ಕವಿತಾ ರಾವುತ್ 2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದ ಮ್ಯಾರಥಾನನ್ನು 2:38:38ಕ್ಕೆ ಗೆದ್ದಾಗ ಎರಡು ಗಡಿಯಾರಗಳ ನಡುವೆ ಎಣಿಸುವಂಥ ಅಂತರ ಇರಲು ಸಾಧ್ಯವಿರಲಿಲ್ಲ. ಸ್ಥಾನ, ಬಹುಮಾನ, ದಾಖಲೆ ಎಲ್ಲವೂ ಗನ್ ಟೈಮಿನ ಲೆಕ್ಕ. ಅದು ಸರಿಯೇ, ಏಕೆಂದರೆ ಎದುರಾಳಿ ಕಣ್ಣೆದುರಿಗೆ ಇರಬೇಕು. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೆಂಗಸರ ಮ್ಯಾರಥಾನಿನಲ್ಲಿ ಏರಿಯನ್ ಒ’ಕಾನೆಲ್ ಎಂಬ ಶಿಕ್ಷಕಿ ಚಿಪ್ ಲೆಕ್ಕದಲ್ಲಿ ಗೆದ್ದವರಿಗಿಂತ ಹನ್ನೊಂದು ನಿಮಿಷ ಬೇಗ ಮುಗಿಸಿದ್ದರು. ಆದರೆ ಆಕೆ ಹೊರಟದ್ದು ಎಲೈಟ್ ಗುಂಪಿನ ಹಿಂದಿನ ಜನಸಾಗರದಲ್ಲಿ. ಮೊದಲು ಗೆಲುವು ಕೊಡಲಿಲ್ಲ, ಕೂಗೆದ್ದ ಮೇಲೆ ಆಕೆಯನ್ನೂ ವಿಜೇತೆ ಎಂದರು. ಆ ಜಗಳ ಅಷ್ಟಕ್ಕೇ ನಿಂತಿತು. ನಾಲ್ಕು ಗಂಟೆಯ ಬಾವುಟದ ಹಿಂದೆ ಓಡುವವರು ಯಾರನ್ನೂ ಸೋಲಿಸಲು ಬಂದವರಲ್ಲ. ಅವರ ಪಂದ್ಯ ಸ್ವಂತ ಗಡಿಯಾರದ ಜೊತೆ. ಆದ್ದರಿಂದ ಪೇಸರ್ ಓಡಬೇಕಾದದ್ದು ಚಿಪ್ ಟೈಮಿಗೆ, ಮತ್ತು ಅದನ್ನು ಹೊರಡುವ ಮುಂಚೆಯೇ ಗಟ್ಟಿಯಾಗಿ ಹೇಳಬೇಕು ಎನ್ನುವುದು ನನ್ನ ವಾದ.

ಎದುರು ವಾದವೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಕೆಲವು ಸಂಘಟಕರು ಪೇಸರ್‌ಗಳಿಗೆ ಗನ್ ಟೈಮಿಗೇ ಓಡಿ ಎನ್ನುತ್ತಾರೆ. ಬಾವುಟ ಗೆರೆ ದಾಟುವಾಗ ಮೇಲಿನ ದೊಡ್ಡ ಗಡಿಯಾರ 3:59 ತೋರಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ ಎನ್ನುವುದೊಂದು. ಗನ್ ಟೈಮಿನ ಬಾವುಟದ ಜೊತೆ ಮುಗಿಸಿದವರೆಲ್ಲ ಚಿಪ್ ಲೆಕ್ಕದಲ್ಲಿ ನಾಲ್ಕು ಗಂಟೆಯೊಳಗೆ ಇದ್ದೇ ಇರುತ್ತಾರೆ ಎನ್ನುವುದು ಇನ್ನೊಂದು. ನಿಜವೇ. ಆದರೆ ಮುಗಿಸಿದವರಿಗೆ ಮಾತ್ರ. 42.195 ಕಿ.ಮೀ. ನಾಲ್ಕು ಗಂಟೆಯಲ್ಲಿ ಎಂದರೆ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು. ಗನ್ ಹಾರಿ 2 ನಿಮಿಷ 50 ಸೆಕೆಂಡಿಗೆ ನಾವು ಸ್ಟಾರ್ಟ್ ಗೆರೆ ಮುಟ್ಟಿದೆವು ಎನ್ನಿ. ಆ ಬಾಕಿಯನ್ನೂ ತೀರಿಸಬೇಕಾದರೆ 5:37ರಲ್ಲಿ ಓಡಬೇಕು. ನಾಲ್ಕು ಸೆಕೆಂಡು ಕೇಳಲು ಏನೂ ಅಲ್ಲ. ಆರು ತಿಂಗಳು 5:41ಕ್ಕೆ ಕಾಲು ಪಳಗಿಸಿದವರಿಗೆ ಮೂವತ್ತೈದನೇ ಕಿಲೋಮೀಟರಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ. 3:59 ಓಡಬಲ್ಲವರನ್ನು 3:57ರ ಬಸ್ಸಿಗೆ ಹತ್ತಿಸಿ ದಾರಿಯಲ್ಲಿ ಇಳಿಸಿದಂತೆ. (ಪೇಸ್ ಗುಂಪಿಗೆ ನಾವು ಬಸ್ ಎಂದೇ ಅನ್ನುವುದು.)

ನಮ್ಮ ಗುಂಪಿನವರು ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ, ಎಂದರೆ ಹಳೆಯ ಔರಂಗಾಬಾದಿನವರು. ಇಲ್ಲಿಯವರು ಗಂಗಾಪುರ ರಸ್ತೆಯಲ್ಲಿ, ಅಲ್ಲಿಯವರು ದೌಲತಾಬಾದ್ ಘಾಟಿಯಲ್ಲಿ ಓಡಿ ತಯಾರಾಗುತ್ತಾರೆ. ನಾವು ಓಡುವ ಊರಿನ ಸಣ್ಣ ಓಟಗಳಲ್ಲಿ ಐದಾರು ಸೆಕೆಂಡಿಗೆ ಗೆರೆ ಸಿಗುವುದರಿಂದ ಈ ಪ್ರಶ್ನೆಯೇ ಏಳುವುದಿಲ್ಲ. ಕೆಲವು ಕಡೆ ಸ್ಟಾರ್ಟ್ ಗೆರೆಯಲ್ಲಿ ಮ್ಯಾಟೇ ಇರುವುದಿಲ್ಲ, ಕೊನೆಯಲ್ಲಷ್ಟೇ. ಫಲಿತಾಂಶದ ಪಟ್ಟಿಯಲ್ಲಿ ಎಲ್ಲರ ಗನ್ ಟೈಮೂ ಚಿಪ್ ಟೈಮೂ ಒಂದೇ ಇದ್ದರೆ ಹಾಗಾಗಿದೆ ಎಂದು ತಿಳಿಯಬೇಕು. ಅಂಥ ಓಟದಲ್ಲಿ ಪೇಸರಿಗೂ ಗನ್ ಟೈಮೇ ಗತಿ.

ಇದೆಲ್ಲ ಗೊತ್ತಾಗುವುದು ಜನವರಿಯ ಮುಂಬೈ ಮ್ಯಾರಥಾನಿಗೆ ಹೋದಾಗ. ಸಿಎಸ್‌ಎಂಟಿ ಮುಂದಿನ ಬೆಳಗಿನ ಕತ್ತಲೆಯಲ್ಲಿ ಗುಂಪನ್ನು ಒಟ್ಟಿಗೆ ಹಿಡಿದಿಡುವುದು ಆಗದ ಮಾತು. ಒಬ್ಬರು ಶೌಚಾಲಯದ ಸಾಲಿನಲ್ಲಿ, ಇನ್ನೊಬ್ಬರು ನೂಕುನುಗ್ಗಲಲ್ಲಿ ಮುಂದೆ. ಹೀಗಾಗಿ ಬಾವುಟ ಚಿಪ್ ಟೈಮಿಗೆ ಓಡಿದರೂ ಅದು ನನ್ನ ಚಿಪ್ಪಿನದ್ದೇ ಹೊರತು ಅವರದ್ದಲ್ಲ. ಅದಕ್ಕೆ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಎಲ್ಲರೂ ತಂತಮ್ಮ ವಾಚನ್ನು ಮ್ಯಾಟ್ ಮೇಲೆ ಕಾಲಿಟ್ಟಾಗಲೇ ಒತ್ತಬೇಕು. ಐದನೇ ಕಿಲೋಮೀಟರಿನ ಫಲಕದ ಬಳಿ ನಾನು ಕೂಗಿದಾಗ ಓದಿ ಹೇಳಬೇಕು.

ಒಂದು ವರ್ಷ ಆ ಫಲಕದ ಬಳಿ ನನ್ನ ವಾಚು 28:23. ಅರ್ಧ ನಿಮಿಷ ಕೈಯಲ್ಲಿಟ್ಟುಕೊಂಡು 3:59:30ಕ್ಕೆ ಮುಗಿಸುವ ಲೆಕ್ಕ. ಪಕ್ಕದಲ್ಲಿದ್ದ ಸಂಭಾಜಿನಗರದ ಕಾಕೂ 29:03 ಎಂದರು. ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹುಡುಗ 27:13 ಎಂದ. ಮೂವರೂ ಒಂದೇ ಫಲಕದ ಕೆಳಗೆ, ಭುಜಕ್ಕೆ ಭುಜ.

ಹುಡುಗ ನನಗಿಂತ 70 ಸೆಕೆಂಡು ತಡವಾಗಿ ಹೊರಟು ಐದೇ ಕಿಲೋಮೀಟರಿನಲ್ಲಿ ಬಂದು ಸೇರಿದ್ದ. ಎಂದರೆ 5:27ರಲ್ಲಿ ಓಡಿದ್ದ. ಅವನು ಸೇರಬೇಕಾಗಿಯೇ ಇರಲಿಲ್ಲ. ಬಾವುಟದ ಹಿಂದೆ 70 ಸೆಕೆಂಡು, ಈ ವೇಗದಲ್ಲಿ ಸುಮಾರು ಇನ್ನೂರು ಮೀಟರ್, ಬಿಟ್ಟುಕೊಂಡು ಕೊನೆಯವರೆಗೂ ಓಡಿದರೆ ಅವನ ಚಿಪ್ಪಿನಲ್ಲೂ 3:59:30 ಬರುತ್ತಿತ್ತು. “ನಿಧಾನ ಮಾಡು, ಬಾವುಟ ಕಣ್ಣಿಗೆ ಬೀಳುತ್ತಿದ್ದರೆ ಸಾಕು” ಎಂದೆ. “ಬಸ್ ತಪ್ಪಿಹೋಗುತ್ತೆ ತಾಯಿ” ಎಂದ. (ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಇಲ್ಲಿಗೆ ಬಂದ ಹೊಸತರಲ್ಲಿ ಗಡ್ಡ ಬಂದವರೆಲ್ಲ ಹಾಗೆ ಕರೆದಾಗ ಗಾಬರಿಯಾಗುತ್ತಿತ್ತು.) ಬಿಡದೆ ಜೊತೆಗೇ ಓಡಿದ. ವಾಪಸು ಬರುವಾಗ ಪೆದ್ದರ್ ರೋಡಿನ ಏರಿನಲ್ಲಿ ನಡೆಯತೊಡಗಿದ.

ಕಾಕೂ ಕಥೆ ಉಲ್ಟಾ. 57 ವರ್ಷ, ಬ್ಯಾಂಕಿನಿಂದ ನಿವೃತ್ತರು. ಬಾಸ್ಟನ್ ಮ್ಯಾರಥಾನಿನ 2026ರ ಓಟಕ್ಕೆ 55ರಿಂದ 59ರ ಹೆಂಗಸರಿಗೆ ಇಟ್ಟ ಅರ್ಹತಾ ಸಮಯ ಸರಿಯಾಗಿ ನಾಲ್ಕು ಗಂಟೆ, ಅದೂ ಚಿಪ್ ಲೆಕ್ಕದಲ್ಲಿ. ಅರ್ಜಿ ಹಾಕಲು ಅಷ್ಟು ಸಾಕು. ಅರ್ಜಿಗಳು ಹೆಚ್ಚಾದರೆ ಇನ್ನೂ ಬೇಗ ಓಡಿದವರಿಗೆ ಮೊದಲು ಸೀಟು. ಅದು ಗೊತ್ತಿದ್ದೂ ಅವರಿಗೆ ಆ ಗೆರೆಯ ಒಳಗೆ ಬರಬೇಕಿತ್ತು. ಅವರು ನನಗಿಂತ 40 ಸೆಕೆಂಡು ಮೊದಲೇ ಮ್ಯಾಟ್ ದಾಟಿದ್ದರು. ಕೊನೆಯವರೆಗೂ ಬಾವುಟದ ಪಕ್ಕದಲ್ಲೇ ಓಡಿದ್ದರೆ ನನ್ನ ಕೆಲಸ ಕರಾರುವಾಕ್ಕಾಗಿ ಮುಗಿದು, ಅವರಿಗೆ 4:00:10 ಸಿಗುತ್ತಿತ್ತು.

ವೇಗ ಹೆಚ್ಚಿಸಿ ಎಂದು ಆಗಲೇ ಹೇಳಲಿಲ್ಲ. ಇಪ್ಪತ್ತೈದರವರೆಗೆ ಜೊತೆಗಿದ್ದು, ಆಮೇಲೆ ಕಿಲೋಮೀಟರಿಗೆ ಎರಡೇ ಸೆಕೆಂಡು ಬೇಗ ಎಂದು ಗೊತ್ತುಮಾಡಿಕೊಂಡೆವು. ಅದನ್ನು ವಾಚಿನಲ್ಲಿ ಮಿನುಗುವ ವೇಗ ನೋಡಿಯಲ್ಲ, ಫಲಕದಿಂದ ಫಲಕಕ್ಕೆ ಲ್ಯಾಪ್ ಒತ್ತಿ ಅಳೆಯಬೇಕು. ಮಾರ್ಗವನ್ನು ಅಳೆಯುವುದು ತಿರುವುಗಳನ್ನು ಒಳಗಿನಿಂದ ಹಿಡಿದು, ಅತಿ ಹತ್ತಿರದ ದಾರಿಯಲ್ಲಿ. ಜನರ ನಡುವೆ ನುಸುಳಿ ಓಡುವ ನಮ್ಮ ವಾಚು 42.5 ತೋರಿಸುವುದು ಸಾಮಾನ್ಯ. ಆಗ ವಾಚಿನ 5:41 ನಂಬಿದವರು ಒಂದೂಮುಕ್ಕಾಲು ನಿಮಿಷ ತಡವಾಗಿ ಮುಗಿಸುತ್ತಾರೆ.

ಮರೀನ್ ಡ್ರೈವಿನಲ್ಲಿ ಕಾಕೂ ನನ್ನ ಮುಂದೆ ನೂರು ಮೀಟರಿನಷ್ಟು ದೂರದಲ್ಲಿದ್ದರು. ಬಾವುಟ ಅವರ ಬೆನ್ನ ಹಿಂದೆ ಇದ್ದುದರಿಂದ ಒಂದೆರಡು ಸಲ ತಿರುಗಿ ನೋಡಿದರು, ಕೈಬೀಸಿ ಮುಂದೆ ಹೋಗಿ ಎಂದೆ. ಅವರ ಮಗ ಗೆರೆಯ ಬಳಿ ತೆಗೆದ ಫೋಟೋದಲ್ಲಿ ದೊಡ್ಡ ಗಡಿಯಾರ 4:01:48 ಎಂದಿದೆ. ಪಾಪ, ಅವನು ಸಮಾಧಾನದ ಮಾತು ಶುರುಮಾಡಿದ್ದ. ಅವರು ನೀರು ಕುಡಿದು, ಮೊಬೈಲಿಗೆ ಬಂದ ಸಂದೇಶ ತೆರೆದು ಅವನ ಮುಂದೆ ಹಿಡಿದರು: 3:59:38.