ಟೀವಿ ಬಿಲ್ಲಿನ್ಯಾಗ ಪೂರ್ತಿ ನಂಬರ್ ಬರಸ್ಕೊಳ್ರಿ

ಸೀರಿ ತಗೊಳ್ಳಾಕ ಹೋದ್ರ ನಾವು ಸೆರಗು ಬಿಚ್ಚಿಸ್ತೀವಿ, ಅಂಚು ತಿರುವಿ ಹಾಕ್ತೀವಿ, ಬಣ್ಣ ಬಿಡತೈತೇನು ಅಂತ ಮೂರು ಸಲ ಕೇಳ್ತೀವಿ. ಮೂವತ್ತು ಸಾವಿರದ ಟೀವಿ ತರುವಾಗ ಮಾತ್ರ "43 ಇಂಚು, ಸ್ಮಾರ್ಟು, ಫೋರ್‌ಕೆ" ಅಂತ ಅಂಗಡ್ಯಾಂವ ಹೇಳಿದ ಮೂರು ಮಾತಿಗೆ ಹೂಂ ಅಂದು ರೊಕ್ಕಾ ಎಣಿಸಿ ಬರ್ತೀವಿ. ಆ ಮೂರು ಮಾತು ಗೋಡಿ ತುಂಬ ತೂಗಹಾಕಿದ ಹತ್ತು ಟೀವಿಗೂ ಹೊಂದ್ತಾವ. ಈ ಟೀವಿ ಯಾವುದು ಅಂತ ಹೇಳೋದು ಮಾಡೆಲ್ ನಂಬರ್ ಒಂದ. ಅದನ್ನ ಪೂರ್ತಿ, ಬಾಲದ ಅಕ್ಷರ ಸಮೇತ, ಬರದು ಕೊಡದ ಅಂಗಡ್ಯಾಗ ಟೀವಿ ತಗೋಬಾರದು ಅನ್ನೋದು ನನ್ನ ಹಟ.

2022ರ ದೀಪಾವಳಿ ಮುಂದ ನಮ್ಮ ಬಾಜೂ ಮನಿ ಅಕ್ಕಾರು ಅಂಗಡೀಲಿಂದ ಒಂದು ಚೀಟಿ ತಂದಿದ್ರು. ಅದರಾಗ "43 ಯುಎಚ್‌ಡಿ ಸ್ಮಾರ್ಟ್, ಹೊಸಾ ಮಾಲು" ಅಂತ ಅಷ್ಟ ಇತ್ತು. ಅವರ ಅತ್ತಿಗೆ ಕಿವಿ ಮಂದ. ಟೀವಿ ಧ್ವನಿ ಏರಿಸಿದ್ರ ಓದೋ ಹುಡುಗನ ತಲಿ ಸಿಡೀತೈತಿ, ಇಳಿಸಿದ್ರ ಅತ್ತಿ ಮುಖ ಸಣ್ಣ ಮಾಡ್ಕೊಂಡು ಎದ್ದು ಒಳಗ ಹೋಗ್ತಾರ. ಹಿಂಗಾಗಿ ಅವರಿಗೆ ಬೇಕಾದದ್ದು ಮಂದಿ ಹೊಗಳೋ ಬಣ್ಣ ಅಲ್ಲ, ಅತ್ತಿಗೆ ಹೆಡ್‌ಫೋನ್ ಹಚ್ಚೋ ದಾರಿ. ಅದರ ಜೋಡಿ ಪ್ರವಚನದ ಪೆನ್‌ಡ್ರೈವ್ ಹಾಕಾಕ ಜಾಗ, ಮತ್ತ ಎರಡು ಗ್ವಾಡಿ ಆಚೆ ಇರೋ ರೌಟರ್‌ನಿಂದ ವೈಫೈ. "ಅಕ್ಕಾರ, ಮೊದಲ ನಂಬರ್ ಬರಸ್ಕೊಂಡು ಬರ್ರಿ" ಅಂದೆ. ಮರುದಿನ ಫೋನ್‌ನ್ಯಾಗ ಫೋಟೋ ಹೊಡಕೊಂಡು ಬಂದ್ರು: `UA43AU7700KLXL`.

ಇದು ಸ್ಯಾಮ್‌ಸಂಗ್‌ನವರ ನಂಬರ್. ಎಡಕಿನಿಂದ ಓದ್ಕೋತ ಬರ್ರಿ. `U` ಅಂದ್ರ ಎಲ್‌ಇಡಿ ಟೀವಿ, ಕ್ಯೂಎಲ್‌ಇಡಿ ಆಗಿದ್ರ ಅಲ್ಲಿ `Q` ಇರ್ತಿತ್ತು. ಮುಂದಿನ `A` ಅನ್ನೋದು ನಮ್ಮ ಕಡೆ ಮಾರೋ ಮಾಲು ಅಂತ. ಅಮೆರಿಕದ್ದಾದ್ರ `UN`, ಯುರೋಪಿನದಾದ್ರ `UE` ಅಂತ ಸುರು ಆಗ್ತೈತಿ. 43 ಇಂಚು ನಿಮಗ ಗೊತ್ತ ಆತು. ಆಮ್ಯಾಲಿನ ಎರಡು ಅಕ್ಷರದಾಗ ಭಾಳ ಸುದ್ದಿ ಐತಿ. `A` ಅಂದ್ರ 2021ರ ಸಾಲು, `U` ಅಂದ್ರ ಯುಎಚ್‌ಡಿ, ಅಂದ್ರ ಫೋರ್‌ಕೆ. 2020ಕ್ಕ `TU` ಇತ್ತು, 2022ಕ್ಕ `BU` ಬಂತು, 2023ಕ್ಕ `CU`. 7700 ಅನ್ನೋದು ಸಾಲಿನೊಳಗಿನ ಮೆಟ್ಟಲ. ಕಡೀಕಿನ `LXL` ಭಾರತದ್ದು.

ಅಲ್ಲಿಗೆ ಒಂದು ಗುಟ್ಟು ಹೊರಗ ಬಿತ್ತಲ್ಲ. ಅಂಗಡ್ಯಾಂವ "ಹೊಸಾ ಮಾಲು" ಅಂದದ್ದು ಹಿಂದಿನ ವರ್ಷದ ಸಾಲು. ಹಳೇದು ಅಂದ ಮಾತ್ರಕ್ಕ ಕೆಟ್ಟದ್ದಲ್ಲ, ಆದ್ರ ಹೊಸದರ ರೇಟ್ ಯಾಕ ಕೊಡಬೇಕು?

ಎಲ್ಲಾ ಕಂಪನಿಯವರದೂ ಇದ ಲೆಕ್ಕ ಅಂತ ತಿಳೀಬ್ಯಾಡ್ರಿ. ಸೋನಿಯವರ `KD-55X80K` ಒಳಗ ವರ್ಷ ಕಡೀ ಅಕ್ಷರದಾಗ ಕುಂತೈತಿ, `K` ಅಂದ್ರ 2022, `L` ಅಂದ್ರ 2023. ಎಲ್‌ಜಿಯವರ ಫೋರ್‌ಕೆ ಸಾಲಿನ್ಯಾಗ `UQ` ಅಂದ್ರ 2022, `UR` ಅಂದ್ರ 2023. ಒಬ್ಬೊಬ್ಬರದು ಒಂದೊಂದು ಲಿಪಿ.

ಇನ್ನ ಮುಖ್ಯ ಮಾತಿಗೆ ಬರ್ತೀನಿ. ಹಿಂದ ಎಷ್ಟು ತೂತು ಅದಾವ, ವೈಫೈ ಯಾವುದು ಅಂತ ಆ ಅಕ್ಷರದಾಗ ಬರದಿರೂದಿಲ್ಲ. "ನಂಬರ್ ನೋಡಿದ್ರ ಎಲ್ಲಾ ಗೊತ್ತಾಗ್ತೈತಿ" ಅಂತ ಯಾರರ ಅಂದ್ರ ನಂಬಬ್ಯಾಡ್ರಿ. ನಂಬರ್ ಅನ್ನೋದು ಕೀಲಿ. ಆ ಕೀಲಿ ತಗೊಂಡು ಕಂಪನಿಯ ಭಾರತದ ಸೈಟಿಗೆ ಹೋಗಿ, ಪೂರ್ತಿ ನಂಬರ್ ಹೊಡದು, `Specifications` ಅನ್ನೋ ಪಟ್ಟಿ ತಗೀಬೇಕು. ಮಾರೋ ಸೈಟಿನ ಪಟ್ಟಿ ನಂಬಬ್ಯಾಡ್ರಿ, ಒಂದು ಮಾಡೆಲ್‌ದು ಇನ್ನೊಂದಕ್ಕ ಅಂಟಿಸಿರ್ತಾರ.

ಅಕ್ಕಾರ ಟೀವಿದು ತಗದ್ರ ಎಚ್‌ಡಿಎಂಐ ಮೂರು, ಯುಎಸ್‌ಬಿ ಒಂದ. ಡಿಶ್ ಬಾಕ್ಸಿಗೆ ಒಂದು ಎಚ್‌ಡಿಎಂಐ ಹೋದ್ರೂ ಎರಡು ಉಳೀತಾವ, ಅದರ ಚಿಂತಿಲ್ಲ. ಯುಎಸ್‌ಬಿ ಒಂದ ಇದ್ದದ್ದು ಪ್ರವಚನದ ಪೆನ್‌ಡ್ರೈವಿಗೆ ಸಾಕು. ಅದೇ ವರ್ಷದ `AU8000`ಕ್ಕ ಯುಎಸ್‌ಬಿ ಎರಡು. ನೋಡ್ರಿ, ಒಂದು ಮೆಟ್ಟಲ ಏರಿದ್ರ ಒಂದು ತೂತು ಹೆಚ್ಚು. ಅದಕ್ಕ ನಾಕು ಅಂಕಿ ಬಿಟ್ಟು ಬರೀ "ಎ ಯು" ಅಂತ ಬರಸ್ಕೊಂಡ್ರ ಉಪಯೋಗ ಇಲ್ಲ.

ಹೆಡ್‌ಫೋನಿಂದು ಸ್ವಲ್ಪ ತಡದು ನೋಡಬೇಕು. ಹಳೇ ಟೀವಿಯೊಳಗ ಇರ್ತಿದ್ದ ಸಣ್ಣ ಗುಂಡನೆಯ ಹೆಡ್‌ಫೋನ್ ತೂತು ಈಗ ಭಾಳ ಟೀವಿಗೆ ಇಲ್ಲ. ಪಟ್ಟಿಯಾಗ ಬ್ಲೂಟೂತ್ ಐತಿ ಅಂತ ಇರ್ತೈತಿ, ಆದ್ರ ಕೆಲವು ಟೀವಿಯೊಳಗ ಅದು ರಿಮೋಟಿಗೆ ಮಾತ್ರ. ಧ್ವನಿ ಹೊರಗ ಕಳಸ್ತೈತೇನು ಅಂತ ಅಂಗಡ್ಯಾಗ ಹಚ್ಚಿ ನೋಡಬೇಕು. ಈ ಟೀವಿಯೊಳಗ `Sound Output` ಅನ್ನೋದರಾಗ ಬ್ಲೂಟೂತ್ ಸ್ಪೀಕರ್‌ಗಳ ಪಟ್ಟಿ ಬಂತು, ಅತ್ತಿಯ ಹೆಡ್‌ಫೋನ್ ಕೂಡಿತು. ಆದ್ರ ಕೂಡಿದ ಕೂಡ್ಲೆ ಟೀವಿಯ ಧ್ವನಿ ಬಂದ್ ಆತು! ಅತ್ತಿಗೆ ಕೇಳ್ತೈತಿ, ಉಳಿದವರು ಮೂಕಿ ಸಿನಿಮಾ ನೋಡಬೇಕು. ಎಲ್ಲಾರೂ ಕೂಡಿ ಧಾರಾವಾಹಿ ನೋಡೋ ಮನಿಗೆ ಇದು ಸಣ್ಣ ಮಾತಲ್ಲ. ಇದಕ್ಕೊಂದು ದಾರಿ ಅಂದ್ರ ಹಿಂದಿನ ಆಪ್ಟಿಕಲ್ ತೂತಿಗೆ ಬ್ಯಾರೆ ಟ್ರಾನ್ಸ್‌ಮಿಟರ್ ಹಚ್ಚೋದು. ಅದರಾಗೂ ಎರಡೂ ಒಮ್ಮೆಲೇ ನಡೀತಾವೋ ಇಲ್ಲೋ ರೊಕ್ಕಾ ಕೊಡೂಕಿಂತ ಮೊದಲ ಕೇಳಿ ನೋಡಬೇಕು. ಅಕ್ಕಾರು ಅದನ್ನೂ ಅಲ್ಲೇ ಹಚ್ಚಿಸಿ ನೋಡಿ, ನಡದ ಮ್ಯಾಲೆ ಹಳೇ ಸಾಲು ಅಂತ ರೇಟ್ ಇಳಿಸಿ ತಗೊಂಡ್ರು.

ವೈಫೈ ಸಾಲಿನ್ಯಾಗ `Wi-Fi 5` ಅಥವಾ `802.11ac` ಅಂತಿದ್ರ ಎರಡೂ ಒಂದ. `802.11n` ಅಂದ್ರ ವೈಫೈ 4, `ax` ಅಂದ್ರ ವೈಫೈ 6. ಬರೀ `n` ಅಂತಿದ್ರ ಜ್ವಾಕಿ. ಅದು 2.4 ಗಿಗಾಹರ್ಟ್ಸ್‌ನಾಗ ಮಾತ್ರ ನಡೆಯೋದೂ ಇರಬಹುದು. ಅಂಥಾ ಟೀವಿಗೆ ರೌಟರ್‌ನ `_5G` ಅಂತ ಬಾಲ ಇರೋ ಹೆಸರು ಪಟ್ಟಿಯಾಗ ಕಾಣೂದ ಇಲ್ಲ. ಟೀವಿ ಕೆಟ್ಟೈತಿ ಅಂತ ರಿಪೇರಿಯಾಂವನ್ನ ಕರಸೋ ಮೊದಲ ಇದನ್ನ ನೋಡ್ರಿ. (ಆ `5G`ಕ್ಕೂ ಮೊಬೈಲಿನ 5ಜಿಗೂ ಸಂಬಂಧ ಇಲ್ಲ, ಅದು 5 ಗಿಗಾಹರ್ಟ್ಸ್.) ಹಂಗಂತ ವೈಫೈ 6 ಬೇಕ ಬೇಕು ಅಂತ ಹೆಚ್ಚಿಗೆ ರೊಕ್ಕಾ ಸುರೀಬ್ಯಾಡ್ರಿ. ನೆಟ್‌ಫ್ಲಿಕ್ಸ್‌ನವರ ಫೋರ್‌ಕೆಗೆ ಕೇಳೋದು 15 ಎಂಬಿಪಿಎಸ್, ವೈಫೈ 5ಕ್ಕ ಅದು ಲೆಕ್ಕಕ್ಕಿಲ್ಲ. ದೂರ ಮತ್ತ ಗ್ವಾಡಿ ಹೆಚ್ಚಾದ್ರ 5 ಗಿಗಾಹರ್ಟ್ಸ್‌ನ ಬಲ ಬೇಗ ಕುಗ್ಗತೈತಿ. ಅಕ್ಕಾರ ಮನ್ಯಾಗೂ ಕಡೀಕ 2.4ರ ಹೆಸರಿಗ ಟೀವಿ ಹಚ್ಚಿದ್ರು, ಸರಾಗ ನಡದೈತಿ.

ಮನಿಗೆ ಮಾಲು ಬಂದಾಗ ಡಬ್ಬಿ ಬಿಚ್ಚೋ ಮೊದಲ ಬಿಲ್ಲಿನ ನಂಬರೂ ಡಬ್ಬಿಯ ನಂಬರೂ ಅಕ್ಷರಕ್ಕ ಅಕ್ಷರ ಕೂಡಿಸಿ ನೋಡ್ರಿ. ಟೀವಿ ಗ್ವಾಡಿಗೆ ಏರಿ ಹಿಂದಿನ ಚೀಟಿ ಕಾಣದಂಗಾದ್ರ, ಸ್ಯಾಮ್‌ಸಂಗ್‌ನಾಗ `Settings`, `Support`, `About This TV` ಅಂತ ಹೋದ್ರ ನಂಬರ್ ಸಿಗತೈತಿ.

ಇನ್ನ ಅಮೆರಿಕದಿಂದ ತಿರುಗಿ ಬರೋ ಮಕ್ಕಳು "ಅವ್ವಾ, ನಮ್ಮ ಟೀವಿ ನಿನಗ ಬಿಟ್ಟು ಹೋಗ್ತೀನಿ" ಅಂದ್ರ, ನಂಬರ್ `UN` ಅಂತ ಸುರು ಆಗಿ `ZA` ಅಂತ ಮುಗೀತೈತೇನು ನೋಡ್ರಿ. ಅಂಥಾವು ಸಾಮಾನ್ಯವಾಗಿ 110–120 ವೋಲ್ಟಿನವು, ನಮ್ಮ ಮನಿ ಕರೆಂಟು 230. ಹಿಂದಿನ ಚೀಟಿ ಓದದ ಪ್ಲಗ್ ಹಚ್ಚಬ್ಯಾಡ್ರಿ.