ತಾರದ ಹಣದಲ್ಲಿ ಏಜೆಂಟನಿಗೆ ಪಾಲೇಕೆ?

ರಣಜಿ ಆಡುವ ಹುಡುಗನ ಪಂದ್ಯ ಶುಲ್ಕದಲ್ಲಿ ಏಜೆಂಟನಿಗೆ ಒಂದು ರೂಪಾಯಿಯೂ ಸಲ್ಲಬಾರದು. ಗೆದ್ದಾಗ ಬರುವ ಬಹುಮಾನದ ಹಣದಲ್ಲೂ ಸಲ್ಲಬಾರದು. ಇದನ್ನು ಆಟಗಾರ ಮತ್ತು ಏಜೆಂಟರ ಖಾಸಗಿ ಒಪ್ಪಂದವೆಂದು ಬಿಟ್ಟುಬಿಡದೆ, ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯೇ ನಿಯಮ ಮಾಡಬೇಕು.

ಮೊದಲು ಲೆಕ್ಕ ನೋಡೋಣ. ದೇಶೀಯ ಆಟಗಾರರ ದರವನ್ನು ಮಂಡಳಿ 2021ರ ಸೆಪ್ಟೆಂಬರ್‌ನಲ್ಲಿ ಏರಿಸಿತು. ಅದರಂತೆ 20ರವರೆಗೆ ಪಂದ್ಯ ಆಡಿದವನಿಗೆ ದಿನಕ್ಕೆ 40,000 ರೂಪಾಯಿ, 21ರಿಂದ 40 ಪಂದ್ಯ ಆಡಿದವನಿಗೆ 50,000, ಅದಕ್ಕೂ ಮೇಲಿನವನಿಗೆ 60,000. ಹನ್ನೊಂದರಲ್ಲಿ ಇಲ್ಲದೆ ತಂಡದಲ್ಲಿದ್ದವನಿಗೆ ಇದರ ಅರ್ಧ. ವಿಜಯ್ ಹಜಾರೆ ಟ್ರೋಫಿಯಲ್ಲಿ ಇದೇ ದರ ಪಂದ್ಯವೊಂದಕ್ಕೆ ಸಿಗುತ್ತದೆ. ಮುಷ್ತಾಕ್ ಅಲಿ ಟ್ವೆಂಟಿ-20ಯಲ್ಲಿ ಪಂದ್ಯಕ್ಕೆ 17,500.

ಕರ್ನಾಟಕ ತಂಡಕ್ಕೆ ಹೊಸದಾಗಿ ಬಂದ ಒಬ್ಬ ಬೌಲರ್ ಇದ್ದಾನೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಐಪಿಎಲ್ ತಂಡ ಅವನಿಗೆ ಸಿಕ್ಕಿಲ್ಲ. ರಣಜಿಯ 7 ಲೀಗ್ ಪಂದ್ಯಗಳ 28 ದಿನಕ್ಕೆ 11,20,000 ರೂಪಾಯಿ ಆಯಿತು. ಹಜಾರೆಯಲ್ಲಿ 7 ಪಂದ್ಯ ಆಡಿದರೆ 2,80,000, ಟ್ವೆಂಟಿ-20ಯಲ್ಲಿ 7 ಆಡಿದರೆ 1,22,500. ಒಟ್ಟು 15,22,500. ಒಂದೂ ಪಂದ್ಯ ತಪ್ಪದಿದ್ದರೆ ಮಾತ್ರ ಇಷ್ಟು. ರಣಜಿಯ ಮೂರನೇ ಪಂದ್ಯದ ನಂತರ ಅವನನ್ನು ಹೊರಗೆ ಕೂರಿಸಿದರೆ 11,20,000 ಇದ್ದದ್ದು 8,00,000ಕ್ಕೆ ಇಳಿಯುತ್ತದೆ. ತಂಡದಿಂದಲೇ ಕೈಬಿಟ್ಟರೆ ಅಂದಿನಿಂದ ಸೊನ್ನೆ. ದೇಶೀಯ ಆಟಗಾರನಿಗೆ ಮಂಡಳಿಯ ವಾರ್ಷಿಕ ಗುತ್ತಿಗೆಯಿಲ್ಲ. ಮಂಡಿ ನೋವೆಂದು ಮನೆಯಲ್ಲಿ ಕೂತ ವಾರಕ್ಕೆ ಯಾರೂ ಕೂಲಿ ಕೊಡುವುದಿಲ್ಲ.

ಈಗ ಏಜೆಂಟನ ಕಾಗದಕ್ಕೆ ಬರೋಣ. 'ಕ್ರಿಕೆಟ್‌ನಿಂದ ಬರುವ ಎಲ್ಲ ಆದಾಯದ ಮೇಲೆ ಶೇ 10' ಎಂಬ ಒಂದು ಸಾಲು ಅದರಲ್ಲಿದ್ದರೆ ಸಾಕು, ನಮ್ಮ ಬೌಲರ್ 1,52,250 ರೂಪಾಯಿ ಕೊಡಬೇಕು. ಏಜೆಂಟ್ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಅದರ ಮೇಲೆ ಶೇ 18, ಎಂದರೆ ಇನ್ನೂ 27,405. ಹುಡುಗನ ಖಾತೆಗೆ ಹಣ ಬರುವಾಗ ಶೇ 10 ಟಿಡಿಎಸ್ ಮುರಿದುಕೊಂಡೇ ಬಂದಿರುತ್ತದೆ, ಆದರೆ ಏಜೆಂಟ್ ಲೆಕ್ಕ ಹಾಕುವುದು ಮುರಿಯುವ ಮೊದಲಿನ ಮೊತ್ತದ ಮೇಲೆ. ಹೀಗೆ 15 ಲಕ್ಷ ಚಿಲ್ಲರೆಯ ಹಂಗಾಮಿನಲ್ಲಿ 1,79,655 ರೂಪಾಯಿ ಕೈಬಿಡುತ್ತದೆ.

ಇಷ್ಟಕ್ಕೆ ಏಜೆಂಟ್ ಮಾಡಿದ್ದೇನು? ದಿನಕ್ಕೆ 40,000 ಎಂಬ ದರ ಮಂಡಳಿಯದು. ಅದರಲ್ಲಿ ಚೌಕಾಸಿಗೆ ಜಾಗವೇ ಇಲ್ಲ, ದೇಶದ ಅತಿ ಚತುರ ಏಜೆಂಟನೂ ಅದನ್ನು 40,001 ಮಾಡಲಾರ. ತಂಡಕ್ಕೆ ಆರಿಸುವುದು ಆಯ್ಕೆ ಸಮಿತಿ. ಅಲ್ಲಿ ಏಜೆಂಟನ ಕೈವಾಡವಿದೆ ಎಂದಾದರೆ ಅದಕ್ಕೆ ಕಮಿಷನ್ ಎನ್ನುವುದಿಲ್ಲ, ಪೊಲೀಸರಿಗೆ ದೂರು ಕೊಡಬೇಕಾಗುತ್ತದೆ. ಬಿತ್ತದ, ಕಳೆ ಕೀಳದ ಮನುಷ್ಯ ಕಣಕ್ಕೆ ಬಂದು ರಾಶಿಯಲ್ಲಿ ಪಾಲು ಕೇಳಿದಂತಾಯಿತು ಇದು.

ಏಜೆಂಟರೆಲ್ಲ ಸುಲಿಗೆಕೋರರು ಎಂದು ನಾವು ಹೇಳುತ್ತಿಲ್ಲ. ಬ್ಯಾಟ್ ಕಂಪನಿಯ ಒಪ್ಪಂದ ತರುವುದು, ಇಂಗ್ಲೆಂಡಿನ ಕ್ಲಬ್ಬಿನಲ್ಲಿ ಒಂದು ಬೇಸಿಗೆಯ ಅವಕಾಶ ಹೊಂದಿಸುವುದು, ಐಪಿಎಲ್ ತಂಡದ ಟ್ರಯಲ್ಸ್‌ಗೆ ಕರೆಸುವುದು ನಿಜವಾದ ಕೆಲಸಗಳೇ. ಅವನು 2 ಲಕ್ಷದ ಬ್ಯಾಟ್ ಒಪ್ಪಂದ ತಂದರೆ ಅದರಲ್ಲಿ ಶೇ 20, ಎಂದರೆ 40,000 ತೆಗೆದುಕೊಳ್ಳಲಿ, ಯಾರೂ ಬೇಡವೆನ್ನುವುದಿಲ್ಲ. ತಂದ ಹಣಕ್ಕೆ ದೊಡ್ಡ ಶೇಕಡಾವಾರು ಕೇಳಿದರೂ ಅದು ನ್ಯಾಯ. ತಾರದ ಹಣಕ್ಕೆ ಶೇ 1 ಕೇಳಿದರೂ ಅನ್ಯಾಯ.

ಐಪಿಎಲ್ ಸಿಕ್ಕರೆ ಈ ಪ್ರಶ್ನೆ ಇನ್ನೂ ಚೂಪಾಗುತ್ತದೆ. ಅಲ್ಲಿ ಬೆಲೆ ಹರಾಜಿನಲ್ಲಿ ನಿರ್ಧಾರವಾಗುತ್ತದೆ, ಫಲಕ ಎತ್ತುವವರು ಮಾಲೀಕರು. 2025ರ ಹಂಗಾಮಿನಿಂದ ಪ್ರತಿ ಪಂದ್ಯಕ್ಕೆ 7.5 ಲಕ್ಷ ರೂಪಾಯಿ ಶುಲ್ಕ ಬೇರೆ ಬಂದಿದೆ. 30 ಲಕ್ಷದ ಮೂಲ ಬೆಲೆಗೆ ಹೋದ ಹುಡುಗ 14 ಲೀಗ್ ಪಂದ್ಯಗಳನ್ನೂ ಆಡಿದರೆ ಶುಲ್ಕವೇ 1.05 ಕೋಟಿ, ಎಂದರೆ ಹರಾಜಿನ ಬೆಲೆಯ ಮೂರೂವರೆ ಪಟ್ಟು. ಹಳೆಯ ಕಾಗದದ 'ಎಲ್ಲ ಆದಾಯ' ಎಂಬ ಎರಡು ಪದದ ಬಲದಿಂದ, ಮಂಡಳಿ ಹೊಸದಾಗಿ ನಿಗದಿ ಮಾಡಿದ ಈ ಹಣದಲ್ಲೂ 10.5 ಲಕ್ಷ ಏಜೆಂಟನ ಪಾಲಾಗುತ್ತದೆ. ಶುಲ್ಕ ಕೊಡಿಸಲು ಅವನು ಬೆರಳೂ ಎತ್ತಿರಲಿಲ್ಲ.

ಗೆಲುವಿನ ಹಣದ ಕಥೆಯಲ್ಲಿ ತಪ್ಪು ಏಜೆಂಟನದಷ್ಟೇ ಅಲ್ಲ, ರಾಜ್ಯ ಸಂಸ್ಥೆಗಳದ್ದೂ ಇದೆ. ರಣಜಿ ವಿಜೇತರ ಬಹುಮಾನವನ್ನು 2023ರಲ್ಲಿ 2 ಕೋಟಿಯಿಂದ 5 ಕೋಟಿಗೆ ಏರಿಸಲಾಯಿತು. ಮರುವರ್ಷ ಮುಂಬೈ ಗೆದ್ದಾಗ ಅಲ್ಲಿನ ಸಂಸ್ಥೆ ತನ್ನ ಕಡೆಯಿಂದ ಇನ್ನೂ 5 ಕೋಟಿ ಪ್ರಕಟಿಸಿತು. ಸಂತೋಷ. ಆದರೆ ಹಂಚುವುದು ಹೇಗೆ? ಸಿಬ್ಬಂದಿಯ ಪಾಲನ್ನು ಬದಿಗಿಟ್ಟು ನೋಡಿ. 5 ಕೋಟಿಯನ್ನು 20 ಆಟಗಾರರಿಗೆ ಸಮನಾಗಿ ಹಂಚಿದರೆ ತಲೆಗೆ 25 ಲಕ್ಷ. ಆಡಿದ ಪಂದ್ಯದ ಲೆಕ್ಕಕ್ಕೆ ಹಂಚಿದರೆ, 10 ಪಂದ್ಯಕ್ಕೆ 11 ಜನರಂತೆ 110 ಪಾಲು, ಒಂದು ಪಾಲು ಸುಮಾರು 4.55 ಲಕ್ಷ. ಆಗ ಹತ್ತೂ ಆಡಿದವನಿಗೆ 45 ಲಕ್ಷ ದಾಟುತ್ತದೆ, ಮೂರೇ ಪಂದ್ಯ ಆಡಿದವನಿಗೆ 13.6 ಲಕ್ಷ ಬರುತ್ತದೆ, ನೀರಿನ ಬಾಟಲಿ ಹೊತ್ತು ಓಡಿದವನಿಗೆ ಏನೂ ಇಲ್ಲ. ಎರಡೂ ಸೂತ್ರಕ್ಕೆ ಸಮರ್ಥನೆ ಉಂಟು. ಟ್ರೋಫಿ ಕೈಗೆ ಬಂದ ಮೇಲೆ ಸಭೆ ಸೇರಿ ಸೂತ್ರ ಹುಡುಕುವುದಕ್ಕೆ ಮಾತ್ರ ಸಮರ್ಥನೆಯಿಲ್ಲ. ಹಂಗಾಮಿನ ಶುಲ್ಕಕ್ಕಿಂತ ದೊಡ್ಡದಾಗಬಲ್ಲ ಮೊತ್ತದ ನಿಯಮ ಮೊದಲ ಚೆಂಡಿಗೂ ಮುನ್ನ ಆಟಗಾರನ ಕೈಯಲ್ಲಿರಬೇಕು.

ಇದನ್ನೆಲ್ಲ ಆಟಗಾರನೇ ಕೇಳಬಾರದೇಕೆ ಎನ್ನುವವರಿದ್ದಾರೆ. ಕೇಳಲು ಅವನಿಗೆ ಸಂಘವೆಲ್ಲಿದೆ? ಲೋಧಾ ಸಮಿತಿಯ ಶಿಫಾರಸಿನ ಫಲವಾಗಿ 2019ರಲ್ಲಿ ಹುಟ್ಟಿದ ಭಾರತೀಯ ಕ್ರಿಕೆಟಿಗರ ಸಂಘ ನಿವೃತ್ತರದ್ದು. ಇಂದು ಆಡುತ್ತಿರುವವನಿಗೆ ಅದರಲ್ಲಿ ಸದಸ್ಯತ್ವವಿಲ್ಲ. ಏಜೆಂಟರ ನೋಂದಣಿ ಆಗಬೇಕೆಂದೂ ಅದೇ ಸಮಿತಿ 2016ರಲ್ಲಿ ಹೇಳಿತ್ತು. ಹತ್ತೊಂಬತ್ತರ ಹುಡುಗ, ಇಂಗ್ಲಿಷಿನ ಎಂಟು ಪುಟದ ಕಾಗದ, ಸಹಿ ಹಾಕುವ ಅಪ್ಪ: ಚೌಕಾಸಿ ನಡೆಯುವುದು ಇವರ ನಡುವೆ.

ಫುಟ್‌ಬಾಲ್ ಈ ದಾರಿಯಲ್ಲಿ ಹೆಜ್ಜೆಯಿಟ್ಟು ಎಡವಿದ್ದನ್ನೂ ಮರೆಯಬಾರದು. ಫಿಫಾ 2023ರ ನಿಯಮದಲ್ಲಿ, ವರ್ಷಕ್ಕೆ 2 ಲಕ್ಷ ಡಾಲರ್‌ವರೆಗಿನ ಸಂಬಳದಲ್ಲಿ ಆಟಗಾರನ ಏಜೆಂಟನಿಗೆ ಶೇ 5, ಅದಕ್ಕೂ ಮೇಲಿನ ಮೊತ್ತಕ್ಕೆ ಶೇ 3 ಎಂದು ಮಿತಿ ಹಾಕಿತು. ಏಜೆಂಟರು ಯುರೋಪಿನ ಸ್ಪರ್ಧಾ ಕಾನೂನು ಹಿಡಿದು ನ್ಯಾಯಾಲಯಕ್ಕೆ ಹೋದರು. ಜರ್ಮನಿಯ ನ್ಯಾಯಾಲಯವೊಂದು ತಡೆ ನೀಡಿದ್ದರಿಂದ ಅದೇ ಡಿಸೆಂಬರ್‌ನಲ್ಲಿ ಮಿತಿಯನ್ನು ವಿಶ್ವದಾದ್ಯಂತ ಅಮಾನತಿನಲ್ಲಿಡಬೇಕಾಯಿತು. ಇದರಿಂದ ನಮ್ಮ ಮಂಡಳಿ ಕಲಿಯಬೇಕಾದದ್ದು ಸುಮ್ಮನಿರುವುದನ್ನಲ್ಲ. ಶೇಕಡಾವಾರು ಎಷ್ಟಿರಬೇಕೆಂಬ ವಿವಾದಕ್ಕೆ ಇಳಿಯುವುದೇ ಬೇಡ. ತಾನು ದರ ನಿಗದಿ ಮಾಡಿ ತಾನೇ ಕೊಡುವ ಹಣ ಕಮಿಷನ್‌ನ ಲೆಕ್ಕಕ್ಕೆ ಸೇರುವುದಿಲ್ಲ ಎಂದರೆ ಸಾಕು. ಹಾಗೆ ಹೇಳುವ ಹಕ್ಕು ಕೊಡುವವನಿಗೆ ಇದೆ.

ಮುಂದಿನ ಹಂಗಾಮಿನ ಆಟಗಾರರ ನೋಂದಣಿ ಅರ್ಜಿಯ ಜೊತೆ ಏಜೆಂಟನ ಒಪ್ಪಂದದ ಪ್ರತಿಯನ್ನೂ ಮಂಡಳಿ ಕೇಳಲಿ. ಪಂದ್ಯ ಶುಲ್ಕ, ಬಹುಮಾನ ಎರಡನ್ನೂ ಹೊರಗಿಡದ ಒಪ್ಪಂದ ಸಿಕ್ಕರೆ ಆ ಏಜೆಂಟನ ಹೆಸರನ್ನು ನೋಂದಣಿ ಪಟ್ಟಿಯಿಂದ ತೆಗೆಯಲಿ, ಐಪಿಎಲ್ ತಂಡಗಳು ಅವನೊಂದಿಗೆ ವ್ಯವಹರಿಸದಂತೆ ತಡೆಯಲಿ. ಹುಡುಗನನ್ನು ಮಾತ್ರ ಇದಕ್ಕಾಗಿ ಆಟದಿಂದ ಹೊರಗಿಡಬಾರದು. ರಾಜ್ಯ ಸಂಸ್ಥೆಗಳು ಬಹುಮಾನ ಹಂಚಿಕೆಯ ಸೂತ್ರವನ್ನು ಅದೇ ದಿನ ತಂಡದ ಎಲ್ಲರಿಗೂ ಬರಹದಲ್ಲಿ ಕೊಡಲಿ. ಕರ್ನಾಟಕ ಕ್ರಿಕೆಟ್ ಸಂಸ್ಥೆ ಇದಕ್ಕೆ ಮುಂಬೈಯನ್ನಾಗಲಿ, ಮಂಡಳಿಯ ಸುತ್ತೋಲೆಯನ್ನಾಗಲಿ ಕಾಯಬೇಕಾಗಿಲ್ಲ.